ಎರಡು ಪಂಪು, ಎರಡೂ ಬರೀ ಖರ್ಚು: ಅಗ್ಗದ್ದು ಯಾವುದು?

ಪ್ರಶ್ನೆ: ನಮ್ಮದು ಮೈಸೂರಿನಲ್ಲಿ 80 ಮನೆಗಳ ಅಪಾರ್ಟ್‌ಮೆಂಟ್. ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಏರಿಸುವ ಪಂಪು ಬದಲಿಸಬೇಕು. ಒಂದು ಕೊಟೇಶನ್ 35,000 ರೂಪಾಯಿ, ಐದು ವರ್ಷ ಬಾಳಿಕೆ. ಇನ್ನೊಂದು 1,20,000, ಹತ್ತು ವರ್ಷ ಬಾಳಿಕೆ, ಕರೆಂಟು ಕಡಿಮೆ ಎಳೆಯುತ್ತದಂತೆ. ಎಕ್ಸೆಲ್‌ನಲ್ಲಿ ಎನ್‌ಪಿವಿ, ಅಂದರೆ ಮುಂದೆ ಬರುವ ಹೋಗುವ ಹಣವನ್ನೆಲ್ಲ ಇಂದಿನ ಮೌಲ್ಯಕ್ಕೆ ಇಳಿಸಿದ ನಿವ್ವಳ ಮೊತ್ತ, ಹಾಕಿದೆ, ಎರಡಕ್ಕೂ ಮೈನಸ್ ಬಂತು. ಹಾಗಾದರೆ ಎರಡೂ ಬೇಡವೆಂದೇ ಅರ್ಥ? ಹಳೇ ಪಂಪಿಗೆ ಕಳೆದ ತಿಂಗಳಷ್ಟೇ 11,000 ಕೊಟ್ಟು ರೀವೈಂಡಿಂಗ್ ಮಾಡಿಸಿದ್ದೇವೆ, ಆದರೂ ನೀರು ಸರಿಯಾಗಿ ಏರುತ್ತಿಲ್ಲ. ಅದನ್ನೂ ಲೆಕ್ಕಕ್ಕೆ ಸೇರಿಸಬೇಕೇ?

ಉತ್ತರ: ಮೈನಸ್ ಬರುವುದೇ ಸರಿ. ನೀರು ಏರಿಸುವ ಪಂಪು ಹಣ ತರುವುದಿಲ್ಲ, ಹಣ ತಿನ್ನುತ್ತದೆ. ‘ಎನ್‌ಪಿವಿ ಸೊನ್ನೆಗಿಂತ ಕಡಿಮೆಯಿದ್ದರೆ ಬಿಡಿ’ ಎಂಬ ನಿಯಮ ಇರುವುದು ಬಿಟ್ಟರೂ ನಡೆಯುವ ಕೆಲಸಗಳಿಗೆ. ಹೊಸ ಅಂಗಡಿ ತೆರೆಯದಿದ್ದರೆ ಯಾರಿಗೂ ತೊಂದರೆಯಿಲ್ಲ, ಆದ್ದರಿಂದ ಅಲ್ಲಿ ಸೊನ್ನೆಯೊಂದಿಗೆ ಹೋಲಿಸಬಹುದು. ನಿಮ್ಮಲ್ಲಿ ಸುಮ್ಮನಿದ್ದುಬಿಡುವ ದಾರಿ ಇಲ್ಲ, 80 ಮನೆಗೆ ನೀರು ಏರಲೇಬೇಕು. ಹಾಗಾಗಿ ಹೋಲಿಕೆ ಸೊನ್ನೆಯ ಜೊತೆಗಲ್ಲ, ಒಂದು ಪಂಪಿನದು ಇನ್ನೊಂದರ ಜೊತೆಗೆ. ಮೈನಸ್ ಚಿಹ್ನೆಯನ್ನು ಮರೆತು ಎಲ್ಲ ಖರ್ಚನ್ನೂ ಧನ ಸಂಖ್ಯೆಯಾಗಿಯೇ ಬರೆಯಿರಿ. ಪ್ರತಿ ಖರ್ಚನ್ನೂ ಇಂದಿನ ಮೌಲ್ಯಕ್ಕೆ ಇಳಿಸಿ ಕೂಡಿ. ಮೊತ್ತ ಕಡಿಮೆ ಬಂದದ್ದು ಅಗ್ಗದ ಪಂಪು.

ಈ ಹೋಲಿಕೆ ನಿಲ್ಲಬೇಕಾದರೆ ಎರಡೂ ಪಂಪುಗಳು ಒಂದೇ ಕೆಲಸ ಮಾಡಬೇಕು. ಅಷ್ಟೇ ನೀರು, ಅಷ್ಟೇ ಎತ್ತರ, ಅಷ್ಟೇ ಕಾಲ. ಒಂದು ಪಂಪು ಬೆಳಿಗ್ಗೆ ಎರಡು ಗಂಟೆಯಲ್ಲಿ ಟ್ಯಾಂಕು ತುಂಬಿಸಿ, ಇನ್ನೊಂದು ಐದು ಗಂಟೆ ತೆಗೆದುಕೊಂಡು ಆರನೇ ಮಹಡಿಯವರು ಎಂಟು ಗಂಟೆಗೆ ಬಕೆಟ್ ಹಿಡಿದು ನಿಲ್ಲುವಂತಾದರೆ, ಅವೆರಡರ ಖರ್ಚನ್ನು ಪಕ್ಕಪಕ್ಕ ಇಟ್ಟು ನೋಡುವುದರಲ್ಲಿ ಅರ್ಥವಿಲ್ಲ. ನೀವು ಕಳಿಸಿದ ಕೊಟೇಶನ್‌ಗಳಲ್ಲಿ ನೀರಿನ ಪ್ರಮಾಣವೂ ಎತ್ತರವೂ ಹೆಚ್ಚುಕಡಿಮೆ ಒಂದೇ ಇವೆ, ಹಾಗಾಗಿ ಮುಂದುವರಿಯಬಹುದು.

ರೀವೈಂಡಿಂಗಿನ 11,000 ಸೇರಿಸಬೇಡಿ. ಯಾವ ಪಂಪು ತಂದರೂ ಆ ಹಣ ವಾಪಸ್ ಬರುವುದಿಲ್ಲ. ಪ್ಯಾನೆಲ್ ಬೋರ್ಡು, ಪೈಪ್‌ಲೈನ್, ಪಂಪು ಹಾಕಿ ಆರಿಸುವವರ ಸಂಬಳ ಕೂಡ ಎರಡೂ ಕಡೆ ಒಂದೇ ಆದ್ದರಿಂದ ಬಿಟ್ಟುಬಿಡಿ. ಎರಡರ ನಡುವೆ ಎಲ್ಲಿ ವ್ಯತ್ಯಾಸವಿದೆಯೋ ಅಲ್ಲಷ್ಟೇ ನಮಗೆ ಕೆಲಸ.

ಆ ವ್ಯತ್ಯಾಸದ ದೊಡ್ಡ ಪಾಲು ಕರೆಂಟಿನಲ್ಲಿದೆ, ಆದ್ದರಿಂದ ಅದನ್ನು ಮಾರಾಟಗಾರರ ಬಾಯಿಮಾತಿಗೆ ಬಿಡದೆ ನಾವೇ ಲೆಕ್ಕ ಹಾಕೋಣ. ಮನೆಗೆ ನಾಲ್ಕು ಜನ, ತಲೆಗೆ ದಿನಕ್ಕೆ 135 ಲೀಟರ್ ಎಂದರೆ 43,200 ಲೀಟರ್. ಸುಮಾರು 45,000 ಎಂದಿಟ್ಟುಕೊಳ್ಳಿ. ಸಂಪಿನ ತಳದಿಂದ ಟ್ಯಾಂಕಿನ ಬಾಯಿಗೆ ಇರುವ ಎತ್ತರದ ಜೊತೆಗೆ ಪೈಪಿನ ಘರ್ಷಣೆಯನ್ನೂ ಸೇರಿಸಿ 30 ಮೀಟರ್. ಇಷ್ಟು ನೀರನ್ನು ಇಷ್ಟು ಎತ್ತರಕ್ಕೆ ಒಯ್ಯಲು ನಿಸರ್ಗ ಕೇಳುವ ಶಕ್ತಿ ದಿನಕ್ಕೆ ಸುಮಾರು 3.7 ಯೂನಿಟ್ ಮಾತ್ರ. ಆದರೆ ಮೋಟರಿನ ನಷ್ಟ, ಇಂಪೆಲ್ಲರಿನ ನಷ್ಟ ಎಲ್ಲ ಕಳೆದು 35,000ದ ಪಂಪು ಎಳೆದ ಕರೆಂಟಿನಲ್ಲಿ ಶೇ 30ರಷ್ಟನ್ನೇ ನೀರಿಗೆ ಕೊಡುತ್ತದೆ, ದುಬಾರಿಯದು ಶೇ 45ರಷ್ಟನ್ನು ಕೊಡುತ್ತದೆ ಎಂದು ಹಿಡಿಯೋಣ. ವರ್ಷಕ್ಕೆ ಮೊದಲನೆಯದು ಸುಮಾರು 4,500 ಯೂನಿಟ್, ಎರಡನೆಯದು 3,000 ಯೂನಿಟ್. ಎಲ್ಲ ಶುಲ್ಕ ಸೇರಿ ಯೂನಿಟ್‌ಗೆ 8 ರೂಪಾಯಿ ಬಿದ್ದರೆ ವರ್ಷಕ್ಕೆ 36,000 ಮತ್ತು 24,000. ನಿಮ್ಮ ಬಿಲ್ಲಿನಲ್ಲಿ ದರ ಬೇರೆಯಿದ್ದರೆ ಅದನ್ನೇ ಹಾಕಿ.

ರಿಪೇರಿಯನ್ನೂ ಸೇರಿಸೋಣ. ಅಗ್ಗದ ಪಂಪಿಗೆ ಮೂರನೇ ವರ್ಷ ರೀವೈಂಡಿಂಗ್, ಬೇರಿಂಗ್ ಎಂದು 9,000. ದುಬಾರಿಯದಕ್ಕೆ ಐದನೇ ವರ್ಷ ಸೀಲು, ಬೇರಿಂಗು, ಇಂಪೆಲ್ಲರ್ ಬದಲಿಸಲು 15,000. ಅಗ್ಗದ್ದನ್ನು ‘ಅ’ ಎನ್ನೋಣ, ದುಬಾರಿಯದನ್ನು ‘ಬ’ ಎನ್ನೋಣ.

ಇನ್ನು ಡಿಸ್ಕೌಂಟ್ ದರ. ಯಾವ ದರ ಎಂಬ ಚರ್ಚೆಯನ್ನು ಆಮೇಲೆ ಮಾಡೋಣ, ಈಗ ಶೇ 8 ಇರಲಿ. ಅಂದರೆ ಮುಂದಿನ ವರ್ಷ ಕಟ್ಟಬೇಕಾದ 108 ರೂಪಾಯಿಗೆ ಇವತ್ತು 100 ತೆಗೆದಿಟ್ಟರೆ ಸಾಕು. ಐದನೇ ವರ್ಷದ 15,000ಕ್ಕೆ ಇವತ್ತು 10,209 ಎತ್ತಿಟ್ಟರೆ ಸಾಕು. ವೆಚ್ಚದ ಇಂದಿನ ಮೌಲ್ಯ ಎಂದರೆ ಇಷ್ಟೇ: ಆ ಪಂಪಿನ ಬಾಳುವಿಕೆಯ ಎಲ್ಲ ಬಿಲ್ಲುಗಳನ್ನೂ ತೀರಿಸಲು ಇವತ್ತು ಬ್ಯಾಂಕಿನಲ್ಲಿ ಎಷ್ಟು ಇಟ್ಟಿರಬೇಕು ಎಂಬ ಮೊತ್ತ.

‘ಅ’ ಪಂಪಿಗೆ ಇವತ್ತೇ 35,000. ಐದು ವರ್ಷದ ಕರೆಂಟಿಗೆ 1,43,738. ಮೂರನೇ ವರ್ಷದ ರಿಪೇರಿಗೆ 7,144. ಒಟ್ಟು 1,85,882 ರೂಪಾಯಿ. ‘ಬ’ ಪಂಪಿಗೆ ಇವತ್ತು 1,20,000, ಹತ್ತು ವರ್ಷದ ಕರೆಂಟಿಗೆ 1,61,042, ರಿಪೇರಿಗೆ 10,209. ಒಟ್ಟು 2,91,251.

ಎಕ್ಸೆಲ್‌ನಲ್ಲಿ ಇಲ್ಲೊಂದು ಕಡೆ ಬಹಳ ಜನ ಎಡವುತ್ತಾರೆ. ಅಲ್ಲಿನ ಎನ್‌ಪಿವಿ ಸೂತ್ರ ತನಗೆ ಕೊಟ್ಟ ಮೊದಲ ಅಂಕಿಯನ್ನೇ ಒಂದು ವರ್ಷದ ನಂತರದ್ದು ಎಂದು ತಿಳಿಯುತ್ತದೆ. ಇವತ್ತು ಕೊಡುವ 35,000ವನ್ನು ಸೂತ್ರದ ಒಳಗೆ ಹಾಕಿದರೆ ಎಲ್ಲ ಖರ್ಚೂ ಒಂದೊಂದು ವರ್ಷ ಮುಂದೆ ಜರುಗಿ, ಮೊತ್ತ ಕಡಿಮೆ ಬರುತ್ತದೆ. ಖರೀದಿ ಬೆಲೆ ಹೊರಗಿರಲಿ:

```
=35000+NPV(8%,36000,36000,45000,36000,36000)
=120000+PV(8%,10,-24000)+15000/1.08^5
```

ಈಗ ನಿಮ್ಮ ಮುಂದೆ 1,85,882 ಮತ್ತು 2,91,251 ಎಂಬ ಎರಡು ಅಂಕಿಗಳಿವೆ. ‘ಅ’ ಒಂದು ಲಕ್ಷಕ್ಕೂ ಹೆಚ್ಚು ಅಗ್ಗ ಎಂದು ಇಲ್ಲೇ ನಿರ್ಧರಿಸಿದರೆ ಮೋಸ ಹೋದಿರಿ. ಮೊದಲ ಮೊತ್ತ ಐದು ವರ್ಷದ ನೀರಿನದು, ಎರಡನೆಯದು ಹತ್ತು ವರ್ಷದ ನೀರಿನದು. ಐದು ಕೆಜಿ ಅಕ್ಕಿ ಚೀಲದ ಬೆಲೆಯನ್ನು ಹತ್ತು ಕೆಜಿ ಚೀಲದ ಬೆಲೆಯೊಂದಿಗೆ ಹೋಲಿಸಿ ಚಿಕ್ಕದು ಅಗ್ಗ ಎಂದಂತಾಗುತ್ತದೆ. ಬರೀ ಖರ್ಚಿನ ಲೆಕ್ಕಗಳಲ್ಲಿ ನಾನು ಅತಿ ಹೆಚ್ಚು ಕಂಡಿರುವ ತಪ್ಪು ಇದೇ. ಆದಾಯವಿರುವ ಯೋಜನೆಗಳಲ್ಲಿ ಬಾಳಿಕೆ ಹೆಚ್ಚಾದಂತೆ ಎನ್‌ಪಿವಿ ಏರುವುದು ಸಾಮಾನ್ಯ. ಬರೀ ಖರ್ಚಿರುವಲ್ಲಿ ಬಾಳಿಕೆ ಹೆಚ್ಚಾದಷ್ಟೂ ಖರ್ಚಿನ ಮೊತ್ತವೂ ಹೆಚ್ಚು, ಹಾಗಾಗಿ ಬೇಗ ಸಾಯುವ ಯಂತ್ರವೇ ಕಾಗದದ ಮೇಲೆ ಅಗ್ಗವಾಗಿ ಕಾಣುತ್ತದೆ.

ಸರಿಪಡಿಸಲು ಎರಡು ದಾರಿಗಳಿವೆ. ಒಂದು, ಎರಡನ್ನೂ ಹತ್ತು ವರ್ಷ ಓಡಿಸುವುದು. ಐದು ವರ್ಷದ ಕೊನೆಯಲ್ಲಿ ‘ಅ’ ಪಂಪನ್ನು ಗುಜರಿಗೆ ಹಾಕಿ ಅಂಥದ್ದೇ ಇನ್ನೊಂದು ತರುತ್ತೀರಿ. ಆ ಎರಡನೇ ಸುತ್ತಿನ ಖರ್ಚೂ ಆಗ 1,85,882ಕ್ಕೆ ಸಮ, ಇವತ್ತಿನ ಲೆಕ್ಕದಲ್ಲಿ ಅದು 1,26,508. ಎರಡೂ ಸೇರಿ ಹತ್ತು ವರ್ಷಕ್ಕೆ 3,12,390. ಅದಕ್ಕೆ ಎದುರಾಗಿ ‘ಬ’ 2,91,251. ದುಬಾರಿ ಪಂಪೇ 21,139 ರೂಪಾಯಿ ಅಗ್ಗವಾಯಿತು.

ಇನ್ನೊಂದು ದಾರಿ ಸಮಾನ ವಾರ್ಷಿಕ ವೆಚ್ಚ. ಇಂದಿನ ಮೌಲ್ಯದ ಮೊತ್ತವನ್ನು ಆ ಪಂಪಿನ ಬಾಳಿಕೆಯಷ್ಟು ಸಮ ಕಂತುಗಳಾಗಿ ಹಂಚುವುದು. ಅದೇ ಬಡ್ಡಿಯಲ್ಲಿ ಸಾಲ ಮಾಡಿ ಕೊಂಡಿದ್ದರೆ ವರ್ಷದ ಇಎಂಐ ಎಷ್ಟಾಗುತ್ತಿತ್ತು ಎಂದು ಕೇಳಿದಂತೆ.

```
=PMT(8%,5,-185882)
=PMT(8%,10,-291251)
```

ಮೊದಲನೆಯದು 46,555, ಎರಡನೆಯದು 43,405. ‘ಬ’ ವರ್ಷಕ್ಕೆ 3,150 ರೂಪಾಯಿ ಅಗ್ಗ. ಎರಡು ದಾರಿಯೂ ಒಂದೇ ಉತ್ತರ ಕೊಡುತ್ತವೆ. ಸಭೆಯಲ್ಲಿ ಹೇಳಲು ಎರಡನೆಯದು ಅನುಕೂಲ. ಬಾಳಿಕೆ 7 ಮತ್ತು 9 ವರ್ಷ ಎಂದಾಗ ಮೊದಲ ದಾರಿಗೆ 63 ವರ್ಷ ಬರೆಯಬೇಕಾಗುತ್ತದೆ, ವಾರ್ಷಿಕ ವೆಚ್ಚಕ್ಕೆ ಆ ಕಷ್ಟವಿಲ್ಲ.

ಆದರೆ ಎರಡೂ ದಾರಿಗಳ ಹಿಂದೆ ಒಂದು ಊಹೆ ಅಡಗಿದೆ. ಹತ್ತು ವರ್ಷವೂ ನಿಮಗೆ ಇಂಥದ್ದೇ ಪಂಪು ಬೇಕು ಎಂಬುದು. ಐದು ವರ್ಷದ ನಂತರ ಸಂಪಿನ ವ್ಯವಸ್ಥೆಯನ್ನೇ ಬದಲಿಸುವ ಯೋಚನೆ ನಿಮ್ಮಲ್ಲಿದ್ದರೆ ಅಕ್ಕಿಯ ಹೋಲಿಕೆ ಮುರಿಯುತ್ತದೆ, ಏಕೆಂದರೆ ಆಗ ನಿಮಗೆ ಬೇಕಿರುವುದು ಐದೇ ಕೆಜಿ. ಆ ಸಂದರ್ಭಕ್ಕೆ ‘ಬ’ ಪಂಪಿನ ಐದು ವರ್ಷದ ಲೆಕ್ಕ ಮಾಡಿದರೆ ಖರೀದಿ, ಕರೆಂಟು ಸೇರಿ 2,15,825. ‘ಅ’ಗಿಂತ 29,943 ಹೆಚ್ಚು. ಐದು ವರ್ಷದ ಹಳೇ ಪಂಪನ್ನು ಮಾರಿ 44,000 ರೂಪಾಯಿ ಪಡೆದರೆ ಮಾತ್ರ ಆ ಕಂದಕ ತುಂಬುತ್ತದೆ. ಹಳೇ ಪಂಪಿಗೆ ಯಾರು ಅಷ್ಟು ಕೊಡುತ್ತಾರೆ? ಅಲ್ಲಿ ‘ಅ’ ಪಂಪೇ ಸರಿ. ಆದ್ದರಿಂದ ಲೆಕ್ಕಕ್ಕೆ ಕೂರುವ ಮೊದಲು ‘ನಮಗೆ ಈ ಸೇವೆ ಎಷ್ಟು ವರ್ಷ ಬೇಕು’ ಎಂದು ಸಮಿತಿಯಲ್ಲಿ ಕೇಳಿಕೊಳ್ಳಿ.

ಈಗ ದರದ ವಿಷಯ, ನಿಮ್ಮ ನಿರ್ಧಾರ ನಿಜವಾಗಿ ತಿರುಗುವುದು ಇಲ್ಲೇ. ಡಿಸ್ಕೌಂಟ್ ಮಾಡದೆ ಸುಮ್ಮನೆ ಕೂಡಿದ್ದರೆ ಹತ್ತು ವರ್ಷಕ್ಕೆ ‘ಅ’ 4,48,000, ‘ಬ’ 3,75,000. ಎಪ್ಪತ್ತಮೂರು ಸಾವಿರ ಉಳಿತಾಯ! ದುಬಾರಿ ಯಂತ್ರ ಮಾರುವವರು ತೋರಿಸುವುದು ಈ ಅಂಕಿಯನ್ನೇ. ಆದರೆ ನೀವು ಇವತ್ತು 85,000 ಹೆಚ್ಚು ಕೊಡುತ್ತೀರಿ, ಉಳಿತಾಯ ಹತ್ತು ವರ್ಷ ಹನಿಹನಿಯಾಗಿ ಬರುತ್ತದೆ. ಆ 85,000 ಈಗ ಎಲ್ಲಿದೆ ಎಂಬುದನ್ನು ನೋಡಬೇಕು. ನಿರ್ವಹಣಾ ನಿಧಿ ಎಫ್‌ಡಿಯಲ್ಲಿ ಶೇ 7ರಿಂದ 8 ಗಳಿಸುತ್ತಿದ್ದರೆ, ಪಂಪಿಗೆ ತೆಗೆದಾಗ ಕಳೆದುಕೊಳ್ಳುವುದು ಆ ಬಡ್ಡಿಯನ್ನು. ಆಗ ಶೇ 8 ನ್ಯಾಯವಾದ ದರ, ಉಳಿತಾಯ 21,139. ನಿಧಿ ಖಾಲಿಯಿದ್ದು ಶೇ 16ರ ಕಂತಿನಲ್ಲಿ ಕೊಳ್ಳುತ್ತೀರಿ ಎಂದರೆ ಅದೇ ಲೆಕ್ಕದಲ್ಲಿ ‘ಬ’ ಸುಮಾರು 9,000 ರೂಪಾಯಿ ದುಬಾರಿಯಾಗುತ್ತದೆ. ಎರಡೂ ಸಮವಾಗುವುದು ಶೇ 13ರ ಆಸುಪಾಸಿನಲ್ಲಿ. ಅಂದರೆ ಹೆಚ್ಚುವರಿ 85,000 ನಿಮಗೆ ವರ್ಷಕ್ಕೆ ಸುಮಾರು ಶೇ 13 ಗಳಿಸಿಕೊಡುತ್ತಿದೆ ಎಂದೂ ಹೇಳಬಹುದು. ನಿಮ್ಮ ಹಣದ ಬೆಲೆ ಅದಕ್ಕಿಂತ ಕಡಿಮೆಯೇ ಹೆಚ್ಚೇ ಎಂದು ನೋಡಿದರೆ ಸಾಕು, ದರವನ್ನು ದಶಮಾಂಶದವರೆಗೆ ಎಣಿಸುವ ಅಗತ್ಯವಿಲ್ಲ.

ದರದ ಬಗ್ಗೆಯೇ ಇನ್ನೊಂದು ಮಾತು, ಇದನ್ನು ಕಲಿತ ಲೆಕ್ಕಿಗರೂ ತಪ್ಪುವುದನ್ನು ನೋಡಿದ್ದೇನೆ. ಅನಿಶ್ಚಿತತೆ ಹೆಚ್ಚಿದ್ದರೆ ದರ ಹೆಚ್ಚಿಸಿ ಎಂಬುದು ಆದಾಯಕ್ಕೆ ಹೇಳಿದ ಮಾತು. ಬಂದರೂ ಬರಬಹುದು, ಬಾರದೆಯೂ ಇರಬಹುದು ಎನ್ನುವ ಹಣಕ್ಕೆ ಕಡಿಮೆ ಬೆಲೆ ಕಟ್ಟಲು ಅದು ಸರಿ. ಖರ್ಚಿಗೆ ಹಾಗೆ ಮಾಡಿದರೆ ಫಲ ತಿರುಗುಮುರುಗಾಗುತ್ತದೆ. ‘ಅ’ ಪಂಪಿನ ಮೂರನೇ ವರ್ಷದ ರಿಪೇರಿ 9,000ವೋ 15,000ವೋ ಗೊತ್ತಿಲ್ಲ, ಅಪಾಯವಿದೆ ಎಂದು ದರವನ್ನು ಶೇ 15ಕ್ಕೆ ಏರಿಸಿದಿರಿ ಎನ್ನಿ. ಇಂದಿನ ಮೌಲ್ಯ 7,144 ಇದ್ದದ್ದು 5,918ಕ್ಕೆ ಇಳಿಯುತ್ತದೆ! ಅಪಾಯ ಹೆಚ್ಚಿದೆ ಎಂದು ಹೊರಟು ಆ ಖರ್ಚನ್ನೇ ಹಗುರ ಮಾಡಿದಂತಾಯಿತು. ಬರೀ ಖರ್ಚಿನ ಲೆಕ್ಕದಲ್ಲಿ ಅನುಮಾನವನ್ನು ದರದಲ್ಲಿ ತುಂಬಬೇಡಿ, ಖರ್ಚಿನ ಅಂಕಿಯಲ್ಲೇ ತುಂಬಿ. 9,000ದ ಜಾಗದಲ್ಲಿ 12,000 ಹಾಕಿ ಮತ್ತೆ ಕೂಡಿ ನೋಡಿ. ದರ ಎರಡೂ ಪಂಪಿಗೆ ಒಂದೇ ಇರಲಿ.

ಬೆಲೆಯೇರಿಕೆಯನ್ನು ನಾನು ಮೇಲೆ ಸೇರಿಸಿಲ್ಲ. ಎಫ್‌ಡಿಯ ಶೇ 8ರಲ್ಲಿ ಹಣದುಬ್ಬರ ಆಗಲೇ ಸೇರಿದೆ, ಆದರೆ ಕರೆಂಟು ದರವನ್ನು ಹತ್ತು ವರ್ಷವೂ 8 ರೂಪಾಯಿಯಲ್ಲೇ ನಿಲ್ಲಿಸಿದ್ದೇನೆ. ಒಂದು ಕಡೆ ಉಬ್ಬರ ಇಟ್ಟು ಇನ್ನೊಂದು ಕಡೆ ಬಿಟ್ಟದ್ದು ಸರಿಯಾದ ಲೆಕ್ಕವಲ್ಲ. ಎರಡೂ ಕಡೆ ಇರಬೇಕು ಅಥವಾ ಎರಡೂ ಕಡೆ ಇರಬಾರದು. ಎರಡನೇ ವರ್ಷದಿಂದ ಕರೆಂಟು ವರ್ಷಕ್ಕೆ ಶೇ 4 ಏರುತ್ತದೆ ಎಂದುಕೊಂಡರೆ, ಕರೆಂಟಿನಲ್ಲಿ ವರ್ಷಕ್ಕೆ ಉಳಿಯುವ 12,000ದ ಹತ್ತು ವರ್ಷದ ಇಂದಿನ ಮೌಲ್ಯ 80,521 ಇದ್ದದ್ದು ಸುಮಾರು 94,300 ಆಗುತ್ತದೆ. ‘ಬ’ ಪಂಪಿನ ಲಾಭ 21,000ದಿಂದ 35,000ದ ಹತ್ತಿರಕ್ಕೆ ಹೋಗುತ್ತದೆ. ಐದು ವರ್ಷದ ನಂತರ ಕೊಳ್ಳುವ ಎರಡನೇ ‘ಅ’ ಪಂಪಿನ ಬೆಲೆಯೂ ಆಗ 35,000 ಇರಲಾರದು. ಉಬ್ಬರವನ್ನು ಬಿಟ್ಟು ಮಾಡಿದ ಲೆಕ್ಕ ‘ಬ’ಗೆ ವಿರುದ್ಧವಾಗಿ ವಾಲಿತ್ತು. ಹಾಗಿದ್ದೂ ಅದೇ ಗೆದ್ದಿದೆ ಎಂಬುದರಿಂದ ನನಗೆ ಈ ಉತ್ತರದಲ್ಲಿ ಸ್ವಲ್ಪ ಧೈರ್ಯ ಬರುತ್ತದೆ.

ಆದರೆ ಪೂರ್ತಿ ಧೈರ್ಯ ಬರಬೇಕಾದರೆ ಒಂದು ಅಂಕಿ ಗಟ್ಟಿಯಾಗಬೇಕು: ದಿನಕ್ಕೆ 45,000 ಲೀಟರ್. ಮತ್ತೆ ಶೇ 8ರ, ದರ ಏರದ ಲೆಕ್ಕಕ್ಕೆ ಬಂದರೆ, ‘ಬ’ ಪಂಪು ತನ್ನ ಹೆಚ್ಚಿನ ಬೆಲೆಯನ್ನು ಹಿಂದಿರುಗಿಸಲು ಕರೆಂಟಿನಲ್ಲಿ ವರ್ಷಕ್ಕೆ ಕನಿಷ್ಠ 8,850 ರೂಪಾಯಿಯಾದರೂ ಉಳಿಸಬೇಕು. ನಮ್ಮ ಅಂದಾಜಿನಲ್ಲಿ ಅದು 12,000. ಅಂದರೆ ನೀರಿನ ಬಳಕೆ ದಿನಕ್ಕೆ 33,000 ಲೀಟರಿಗಿಂತ ಕೆಳಗಿದ್ದರೆ ಉತ್ತರ ಬದಲಾಗಿ ‘ಅ’ ಅಗ್ಗವಾಗುತ್ತದೆ. 80 ಮನೆಗಳಲ್ಲಿ ಇಪ್ಪತ್ತೈದು ಖಾಲಿಯಿದ್ದರೆ, ಅಥವಾ ಅರ್ಧ ಮನೆಗಳಲ್ಲಿ ವಯಸ್ಸಾದ ದಂಪತಿ ಇಬ್ಬರೇ ಇದ್ದರೆ, ನೀವು ಆ ಗೆರೆಯ ಕೆಳಗೇ ಇರಬಹುದು. ಮೈಸೂರಿನ ಎಷ್ಟೋ ಅಪಾರ್ಟ್‌ಮೆಂಟ್‌ಗಳಲ್ಲಿ ಮಕ್ಕಳು ಬೆಂಗಳೂರಿಗೋ ವಿದೇಶಕ್ಕೋ ಹೋಗಿ ಮನೆಗೆ ಬೀಗ ಬಿದ್ದಿರುವುದನ್ನು ನೀವೂ ನೋಡಿರುತ್ತೀರಿ. ತಲೆಗೆ 135 ಲೀಟರ್ ಎಂಬ ಲೆಕ್ಕ ಬೀಗ ಬಿದ್ದ ಮನೆಗೆ ಹೊಂದುವುದಿಲ್ಲ.

ಇದನ್ನು ತಿಳಿಯುವುದು ಕಷ್ಟವಲ್ಲ. ಟ್ಯಾಂಕಿನ ಉದ್ದ, ಅಗಲ ಅಳೆದಿಟ್ಟುಕೊಳ್ಳಿ. ಹಳೇ ಪಂಪಿಗೆ ಒಂದು ಸಬ್-ಮೀಟರ್ ಹಾಕಿಸಿ. ಒಂದು ದಿನ ಟ್ಯಾಂಕಿನಿಂದ ಮನೆಗಳಿಗೆ ಹೋಗುವ ವಾಲ್ವ್ ಮುಚ್ಚಿ, ಪಂಪು ಅರ್ಧ ಗಂಟೆ ಓಡಿಸಿ, ನೀರು ಎಷ್ಟು ಸೆಂಟಿಮೀಟರ್ ಏರಿತು, ಮೀಟರು ಎಷ್ಟು ತಿರುಗಿತು ಎಂದು ಬರೆದುಕೊಳ್ಳಿ. ಒಂದು ಯೂನಿಟ್ ಕರೆಂಟಿಗೆ ಎಷ್ಟು ಲೀಟರ್ ಏರುತ್ತದೆ ಎಂಬುದು ಅದರಿಂದ ಸಿಗುತ್ತದೆ. ನಿಮ್ಮ ಎತ್ತರಕ್ಕೆ ಶೇ 30ರ ಪಂಪು ಯೂನಿಟ್‌ಗೆ ಸುಮಾರು 3,650 ಲೀಟರ್ ಏರಿಸುತ್ತದೆ, ಶೇ 45ರದು ಸುಮಾರು 5,500. ಆಮೇಲೆ ಎರಡು ವಾರ ಸಬ್-ಮೀಟರಿನ ಯೂನಿಟ್ ಬರೆದಿಟ್ಟು ಈ ಲೀಟರಿನಿಂದ ಗುಣಿಸಿದರೆ ನಿಜವಾದ ಬಳಕೆ ಗೊತ್ತಾಗುತ್ತದೆ.

ದುಬಾರಿ ಪಂಪಿನ ಕೊಟೇಶನ್ ಕೊಟ್ಟವರಿಗೂ ಇದೇ ಭಾಷೆಯಲ್ಲಿ ಪ್ರಶ್ನೆ ಹಾಕಿ. ಅವರ ಕರಪತ್ರದಲ್ಲಿರುವ ದಕ್ಷತೆ ಒಂದು ನಿರ್ದಿಷ್ಟ ಎತ್ತರ, ಒಂದು ನಿರ್ದಿಷ್ಟ ಹರಿವಿನಲ್ಲಿ ಸಿಗುವ ಅತ್ಯುತ್ತಮ ಅಂಕಿ. 45 ಮೀಟರಿಗೆಂದು ಮಾಡಿದ ಪಂಪನ್ನು ನಿಮ್ಮ 30 ಮೀಟರಿಗೆ ಕೂರಿಸಿದರೆ ಆ ಅಂಕಿ ಸಿಗುವುದಿಲ್ಲ, ನೀವು ಹೆಚ್ಚು ಕೊಟ್ಟದ್ದು ಯಾವ ಉಳಿತಾಯಕ್ಕೋ ಅದೇ ಕರಗಿಹೋಗುತ್ತದೆ. ‘ನಮ್ಮ ಟ್ಯಾಂಕಿಗೆ, ನಮ್ಮ ಪೈಪಿನಲ್ಲಿ, ಯೂನಿಟ್‌ಗೆ ಎಷ್ಟು ಲೀಟರ್’ ಎಂದು ಬರೆದುಕೊಡಲು ಹೇಳಿ. ಕೂರಿಸಿದ ದಿನ ಮೇಲೆ ಹೇಳಿದ ಅರ್ಧ ಗಂಟೆಯ ಪರೀಕ್ಷೆ ಅವರ ಎದುರೇ ಮಾಡಿ, ಕೊನೆಯ ಕಂತಿನ ಹಣವನ್ನು ಅದಾದ ಮೇಲೆ ಕೊಡಿ. 5,000 ಲೀಟರ್ ದಾಟಿದರೆ ಈ ಲೆಕ್ಕ ನಿಲ್ಲುತ್ತದೆ. 4,500ರ ಹತ್ತಿರ ಬಂದರೆ ವರ್ಷದ ಉಳಿತಾಯ 7,000ಕ್ಕಿಂತ ಕೆಳಗಿಳಿಯುತ್ತದೆ, ಆಗ 35,000ದ ಪಂಪನ್ನು ಐದು ವರ್ಷಕ್ಕೊಮ್ಮೆ ಬದಲಿಸುವುದೇ ನಿಮಗೆ ಅಗ್ಗ.